ಟ್ಯಾಕ್ಸಿ ಏಕೆ, ಬಸ್ಸು ಏಕಲ್ಲ?

‘ಅನಿವಾರ್ಯ ಕಾರಣಗಳಿಂದ ಟ್ಯಾಕ್ಸಿಯಲ್ಲಿ ಪ್ರಯಾಣಿಸಬೇಕಾಯಿತು. ದಯವಿಟ್ಟು ಮಂಜೂರು ಮಾಡಬೇಕೆಂದು ವಿನಂತಿ.’ ಪ್ರವಾಸ ಭತ್ಯೆಯ ಬಿಲ್ಲುಗಳನ್ನು ಓದಿ ಬಲ್ಲವರಿಗೆ ಈ ಎರಡು ಸಾಲು ಹೊಸದಲ್ಲ. ಬರೆದವರು ಬಹುಪಾಲು ಪ್ರಾಮಾಣಿಕರೇ. ಮಳೆಯಲ್ಲಿ ಸಿಕ್ಕಿಬಿದ್ದು, ಕೈಯಿಂದ ದುಡ್ಡು ಹಾಕಿ, ಕೆಲಸ ಮುಗಿಸಿ ಬಂದವರು. ಆದರೂ ಬಿಲ್ಲು ಆಕ್ಷೇಪಣೆ ಹೊತ್ತು ಹಿಂದಕ್ಕೆ ಬರುತ್ತದೆ, ಇಲ್ಲವೇ ಅರ್ಧಕ್ಕರ್ಧ ಕಡಿತವಾಗಿ ಪಾಸಾಗುತ್ತದೆ. ಕಷ್ಟ ಕಡಿಮೆಯಿತ್ತು ಎಂದಲ್ಲ. ಬಿಲ್ಲು ಪಾಸು ಮಾಡುವವರು ಕೇಳುವ ಪ್ರಶ್ನೆಗೆ ಆ ಎರಡು ಸಾಲಿನಲ್ಲಿ ಉತ್ತರ ಇರುವುದಿಲ್ಲ. ಆ ಪ್ರಶ್ನೆ ಯಾವುದು, ಅದಕ್ಕೆ ಉತ್ತರ ಎಲ್ಲಿ, ಯಾವಾಗ ಬರೆಯಬೇಕು ಎಂಬುದನ್ನು ಕೇಂದ್ರ ಸರ್ಕಾರಿ ನೌಕರರ ನಿಯಮಗಳನ್ನು ಇಟ್ಟುಕೊಂಡು ನೋಡೋಣ. ರಾಜ್ಯ ಸರ್ಕಾರಿ ನೌಕರರಿಗೆ ಬೇರೆ ನಿಯಮ, ಬೇರೆ ದರ. ಖಾಸಗಿ ಕಂಪನಿಗಳಲ್ಲಿ ಅವರವರದೇ ಪಾಲಿಸಿ. ಆದರೆ ವಿನಾಯಿತಿ ಕೇಳುವ ಬಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಮೊದಲು ಒಂದು ಮೂಲ ಸಂಗತಿ. ಪ್ರವಾಸ ಭತ್ಯೆ ಸಂಬಳದ ಭಾಗವಲ್ಲ, ಅದು ಖರ್ಚಿಗೆ ಕೊಡುವ ಪರಿಹಾರ. ಮೂಲಭೂತ ನಿಯಮ 44 ಹೇಳುವುದು ಇದನ್ನೇ: ಇಂಥ ಭತ್ಯೆ ಒಟ್ಟಾರೆ ಪಡೆಯುವವರಿಗೆ ಲಾಭದ ಮೂಲವಾಗಬಾರದು. ಹಾಗಾಗಿ ಬಿಲ್ಲಿಗೆ ಮೇಲುರುಜು ಹಾಕುವ ನಿಯಂತ್ರಣಾಧಿಕಾರಿಗೆ ಕೂಡಿಸಿದ ಲೆಕ್ಕ ಸರಿಯಿದೆಯೇ ಎಂದು ನೋಡಿದರಷ್ಟೇ ಸಾಲದು. ಆ ಪ್ರವಾಸ ಬೇಕಿತ್ತೇ, ಅಷ್ಟು ದಿನ ಬೇಕಿತ್ತೇ, ಬಿಲ್ಲಿನಲ್ಲಿ ತೋರಿಸಿದ ದರ್ಜೆಯಲ್ಲೇ ಪ್ರಯಾಣ ನಡೆಯಿತೇ ಎಂದು ಪರಿಶೀಲಿಸುವ ಹೊಣೆಯನ್ನು ಪೂರಕ ನಿಯಮಗಳು ಅವರ ಮೇಲೆ ಹೊರಿಸಿವೆ. ಅವರು ರುಜು ಹಾಕಿದ ಮೇಲೆ ಲೆಕ್ಕಪರಿಶೋಧಕರು ಕೇಳಿದರೆ ಉತ್ತರ ಹೇಳಬೇಕಾದವರೂ ಅವರೇ. ನಿಮ್ಮ ವಿನಾಯಿತಿಯ ಟಿಪ್ಪಣಿ ನಿಜಕ್ಕೂ ಬೇಕಾಗುವುದು ಅವರಿಗೆ. ನಾಳೆ ಯಾರಾದರೂ ಆ ಕಡತ ತೆರೆದರೆ, ‘ಇದಕ್ಕಾಗಿ ಒಪ್ಪಿದೆ’ ಎಂದು ತೋರಿಸಲು ಅವರ ಕೈಗೆ ಒಂದು ಆಧಾರ ಬೇಕು.

ಈಗ ಒಂದು ಪ್ರಕರಣ ಕಟ್ಟೋಣ. 2024ರ ಜುಲೈನಲ್ಲಿ ಉತ್ತರ ಕನ್ನಡದ ಮಳೆ ಎಲ್ಲರಿಗೂ ನೆನಪಿದೆ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ತಿಂಗಳ ಕೊನೆಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಘಾಟಿಯಲ್ಲಿ, ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಬೆಂಗಳೂರಿನಿಂದ ಕರಾವಳಿಗೆ ಹೋಗುವ ರೈಲುಗಳು ಹಲವು ದಿನ ರದ್ದಾದವು ಇಲ್ಲವೇ ಬೇರೆ ದಾರಿ ಹಿಡಿದವು. ಇಷ್ಟು ನಡೆದ ಸಂಗತಿ. ಇನ್ನು ಮುಂದಿನ ಅಧಿಕಾರಿ, ಅವರ ಬಿಲ್ಲಿನ ಮೊತ್ತಗಳು ಎಲ್ಲ ಉದಾಹರಣೆಗಾಗಿ ಕಟ್ಟಿದ್ದು.

ಬೆಂಗಳೂರಿನಲ್ಲಿ ಪೇ ಲೆವೆಲ್ 10ರ ಅಧಿಕಾರಿಯೊಬ್ಬರು. ಕಾರವಾರದ ಸುತ್ತಲಿನ ಊರುಗಳ ಕುಡಿಯುವ ನೀರಿನ ಸ್ಯಾಂಪಲ್ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ತಲುಪಿಸಬೇಕೆಂದು ಪ್ರವಾಸದ ಆದೇಶ. ಮೊದಲ ದಿನ ಸಂಜೆ 6.40ಕ್ಕೆ ಬೆಂಗಳೂರು ಬಿಟ್ಟು ಎರಡನೆಯ ದಿನ ಬೆಳಿಗ್ಗೆ ಕಾರವಾರ. ಎರಡು ದಿನ ಕೆಲಸ. ಮೂರನೆಯ ದಿನ ಸಂಜೆಯ ರೈಲಿಗೆ ವಾಪಸ್ ಟಿಕೆಟ್ ಎಸಿ ಟು ಟೈರಿನಲ್ಲಿ ಮೊದಲೇ ಕಾದಿರಿಸಿದೆ. ಮೂರನೆಯ ದಿನ ಮಧ್ಯಾಹ್ನ 12.30ರಿಂದ ಸಂಜೆ 5ರವರೆಗೆ ಸ್ಯಾಂಪಲ್ ತೆಗೆಯುವ ಕೆಲಸ. ನೀರಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಸ್ಯಾಂಪಲ್‌ಗಳನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ಹಾಕಬೇಕು. ತಡವಾದರೆ ಫಲಿತಾಂಶವನ್ನು ನಂಬುವಂತಿಲ್ಲ. ಮಧ್ಯಾಹ್ನ 2.30ಕ್ಕೆ ಮೊಬೈಲಿಗೆ ಸಂದೇಶ: ಆ ರಾತ್ರಿಯ ರೈಲು ರದ್ದು.

ಕಾರವಾರದಿಂದ ದಕ್ಷಿಣಕ್ಕೆ ಶಿರೂರಿನಲ್ಲಿ ರಸ್ತೆ ಮುಚ್ಚಿದೆ. ಆದರೆ ಶಿರೂರು ಇರುವುದು ಅಂಕೋಲಾದಿಂದ ಆಚೆಗೆ. ಅಂಕೋಲಾದಲ್ಲೇ ತಿರುಗಿ ಅರಬೈಲು ಘಾಟಿ ಹತ್ತಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿ ಸೇರಬಹುದು. ಅಲ್ಲಿಂದ ಬೆಂಗಳೂರಿಗೆ ರಾತ್ರಿ ರೈಲಿದೆ. ಅಧಿಕಾರಿ ಟ್ಯಾಕ್ಸಿ ಮಾಡಿ 4,800 ರೂಪಾಯಿ ಕೊಟ್ಟು ಹುಬ್ಬಳ್ಳಿ ಸೇರಿದರು. ರೈಲಿನಲ್ಲಿ ಎಸಿ ತ್ರೀ ಟೈರ್‌ನಲ್ಲಿ ಮಾತ್ರ ಬರ್ತ್ ಸಿಕ್ಕಿತು, 800 ರೂಪಾಯಿ. ನಾಲ್ಕನೆಯ ದಿನ ಬೆಳಿಗ್ಗೆ 7ಕ್ಕೆ ಬೆಂಗಳೂರು, 8.30ಕ್ಕೆ ಪ್ರಯೋಗಾಲಯ. ಮೊದಲ ಸ್ಯಾಂಪಲ್ ತೆಗೆದು 20 ಗಂಟೆಯಾಗಿತ್ತು.

ಇಲ್ಲಿ ನಿಯಮ ಎಲ್ಲಿ ಅಡ್ಡ ಬರುತ್ತದೆ? ಕೇಂದ್ರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2017ರ ಜುಲೈ 13ರಂದು ಹೊರಡಿಸಿದ ಆದೇಶವೇ ಇವತ್ತಿನ ಪ್ರವಾಸ ಭತ್ಯೆಗೆ ಬುಡ. ಅದರ ಪ್ರಕಾರ ರೈಲು ಸಂಪರ್ಕ ಇರುವ ಎರಡು ಊರುಗಳ ನಡುವೆ ರಸ್ತೆಯಲ್ಲಿ ಹೋದರೆ, ಸಾರ್ವಜನಿಕ ಸಾರಿಗೆಯ ಯಾವ ವಾಹನವಾದರೂ ಸರಿ, ಒಟ್ಟು ಖರ್ಚು ಅರ್ಹ ದರ್ಜೆಯ ರೈಲು ದರವನ್ನು ಮೀರುವಂತಿಲ್ಲ. ಲೆವೆಲ್ 6ರಿಂದ 11ರವರಿಗೆ ರೈಲಿನಲ್ಲಿ ಅರ್ಹ ದರ್ಜೆ ಎಸಿ ಟು ಟೈರ್. ಕಾರವಾರ–ಬೆಂಗಳೂರಿಗೆ ಅದು 1,500 ರೂಪಾಯಿ ಎಂದಿಟ್ಟುಕೊಳ್ಳಿ. ಆಗಿದ್ದು 5,600. ನಿಯಮವನ್ನು ನೇರ ಓದಿದರೆ 4,100 ರೂಪಾಯಿ ಅಧಿಕಾರಿಯ ಕೈಯಿಂದ ಹೋಗಬೇಕು.

ಇದಕ್ಕೆ ದಾರಿಯೂ ನಿಯಮದೊಳಗೇ ಇದೆ. ರೈಲು ಇರುವ ಕಡೆ ರಸ್ತೆ ಪ್ರಯಾಣದ ಪೂರ್ತಿ ಖರ್ಚು ಕೊಡಬೇಕೇ, ರೈಲು ದರಕ್ಕೆ ಇಳಿಸಬೇಕೇ ಎಂದು ತೀರ್ಮಾನಿಸುವ ಅಧಿಕಾರಿ ನೋಡಬೇಕಾದ್ದು ಏನೆಂದು ಪೂರಕ ನಿಯಮಗಳ ಕೆಳಗಿನ ಹಳೆಯ ಸರ್ಕಾರಿ ಆದೇಶವೊಂದು ಹೇಳಿಟ್ಟಿದೆ: ರೈಲಿನಲ್ಲಿ ಹೋಗಿದ್ದರೆ ಸಾಧ್ಯವಾಗದಿದ್ದ ಯಾವ ಸಾರ್ವಜನಿಕ ಹಿತ ರಸ್ತೆ ಪ್ರಯಾಣದಿಂದ ಸಾಧ್ಯವಾಯಿತು? ಸರ್ಕಾರಿ ಕೆಲಸದ ವೇಳೆ ಉಳಿಯಿತೇ, ದಾರಿಯಲ್ಲಿ ತಪಾಸಣೆ ನಡೆಯಿತೇ? ಪ್ರಶ್ನೆ ಇಷ್ಟೇ. ಮಳೆ ಜೋರಾಗಿತ್ತು, ದೇಹಕ್ಕೆ ಆಯಾಸವಾಗಿತ್ತು, ಬಸ್ಸಿನಲ್ಲಿ ನಿಂತು ಬರಬೇಕಿತ್ತು ಎಂಬುದೆಲ್ಲ ನಿಜವೇ ಆಗಿರಬಹುದು, ಆದರೆ ಈ ಪ್ರಶ್ನೆಗೆ ಉತ್ತರವಲ್ಲ. ಸ್ಯಾಂಪಲ್ ಕೆಡುತ್ತಿತ್ತು ಎಂಬುದು ಉತ್ತರ. ಒಂದೇ ಪ್ರಯಾಣಕ್ಕೆ ಎರಡೂ ಕಾರಣ ಇದ್ದಾಗ ಜನ ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಮೈಮೇಲೆ ಬಂದದ್ದು ಮೊದಲನೆಯದು ತಾನೇ!

ಅಧಿಕಾರಿಯ ಟಿಪ್ಪಣಿ ಹೀಗಿದ್ದರೆ ಸಾಕು:

‘ದಿನಾಂಕ ಇಂಥದರಂದು ಕಾರವಾರದಿಂದ ಬೆಂಗಳೂರಿಗೆ ಕಾದಿರಿಸಿದ್ದ ರೈಲು ಘಾಟಿಯಲ್ಲಿ ಮಣ್ಣು ಕುಸಿದ ಕಾರಣ ರದ್ದಾದ ಸಂದೇಶ ಮಧ್ಯಾಹ್ನ 2.30ಕ್ಕೆ ಬಂತು (ಪ್ರತಿ ಲಗತ್ತಿಸಿದೆ). ಅಂದು 12.30ರಿಂದ 5ರವರೆಗೆ ತೆಗೆದ ಸ್ಯಾಂಪಲ್‌ಗಳನ್ನು 24 ಗಂಟೆಯೊಳಗೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಒಪ್ಪಿಸಬೇಕೆಂದು ಪ್ರವಾಸದ ಆದೇಶದಲ್ಲಿದೆ. ಸಂಜೆ 5ರ ನಂತರ ಹುಬ್ಬಳ್ಳಿಗೆ ಇದ್ದ ಬಸ್ಸು 7ಕ್ಕೆ ಹೊರಡುವುದು. ಅದರಲ್ಲಿ ಹೋದರೆ ಹುಬ್ಬಳ್ಳಿಯ ರಾತ್ರಿ ರೈಲು ಸಿಗುತ್ತಿರಲಿಲ್ಲ. ಈ ವಿಷಯವನ್ನು ತಮಗೆ 3.10ಕ್ಕೆ ಫೋನಿನಲ್ಲಿ ತಿಳಿಸಿ, 3.25ಕ್ಕೆ ಇಮೇಲ್ ಕಳಿಸಿದ್ದೇನೆ. ಕಾರವಾರದಿಂದ ಹುಬ್ಬಳ್ಳಿಗೆ ಟ್ಯಾಕ್ಸಿ ರೂ. 4,800, ಅಲ್ಲಿಂದ ಎಸಿ ತ್ರೀ ಟೈರ್ ರೂ. 800. ರದ್ದಾದ ಟಿಕೆಟ್ಟಿನ ಹಣ ಪೂರ್ತಿ ವಾಪಸಾಗಿದ್ದು, ಅದನ್ನು ಇಲ್ಲಿ ಕೇಳಿಲ್ಲ. ಅಂದು ಉಳಿದು ಮರುದಿನ ಬೆಳಿಗ್ಗೆ ಮತ್ತೆ ಸ್ಯಾಂಪಲ್ ತೆಗೆದು ಬಸ್ಸಿನಲ್ಲಿ ಹೊರಟಿದ್ದರೆ ಸುಮಾರು ರೂ. 7,475 ಆಗುತ್ತಿತ್ತು. ಆದ್ದರಿಂದ ರಸ್ತೆ ಪ್ರಯಾಣದ ವೆಚ್ಚವನ್ನು ರೈಲು ದರಕ್ಕೆ ಸೀಮಿತಗೊಳಿಸದೆ ಮಂಜೂರು ಮಾಡಲು ಕೋರಿದೆ.’

ಇದರಲ್ಲಿ ‘ಅನಿವಾರ್ಯ’ ಎಂಬ ಪದ ಎಲ್ಲೂ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಬಸ್ಸಿನ ಸಾಲನ್ನು ಗಮನಿಸಿ. ಮೇಜಿನ ಆಚೆ ಕೂತವರು ಮೊದಲು ಕೇಳುವ ಪ್ರಶ್ನೆ ರೈಲಿನದಲ್ಲ, ರೈಲು ರದ್ದಾದದ್ದು ಅವರಿಗೂ ಗೊತ್ತು. ಟ್ಯಾಕ್ಸಿ ಏಕೆ, ಬಸ್ಸು ಏಕಲ್ಲ ಎಂಬುದು ಅವರ ಪ್ರಶ್ನೆ. ನಿಯಮ ಹೇಳಿದ ದಾರಿ ಮುಚ್ಚಿತ್ತು ಎಂದು ತೋರಿಸಿದರೆ ಅರ್ಧ ಕೆಲಸವಾದಂತೆ. ಅದರ ಮುಂದಿನ ಅಗ್ಗದ ದಾರಿಯೂ ಏಕೆ ಒದಗಲಿಲ್ಲ ಎಂದು ತೋರಿಸಿದಾಗಲೇ ಪೂರ್ತಿ. ಹೆಚ್ಚಿನ ಟಿಪ್ಪಣಿಗಳು ಮುಗ್ಗರಿಸುವುದು ಈ ಎರಡನೆಯ ಮೆಟ್ಟಿಲಲ್ಲಿ.

7,475 ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು, ಏಕೆಂದರೆ ಆಧಾರವಿಲ್ಲದ ಹೋಲಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 2017ರ ಆದೇಶದಲ್ಲಿ ಲೆವೆಲ್ 9ರಿಂದ 11ರವರಿಗೆ ದಿನಕ್ಕೆ ಹೋಟೆಲಿಗೆ 2,250 ರೂಪಾಯಿಯವರೆಗೆ, ಊಟಕ್ಕೆ 900. ತುಟ್ಟಿಭತ್ಯೆ ಶೇ 50 ಏರಿದಾಗಲೆಲ್ಲ ಈ ಮಿತಿಗಳು ಶೇ 25 ಏರಬೇಕೆಂದು ಅದರಲ್ಲೇ ಇದೆ. 2024ರ ಜನವರಿಯಿಂದ ತುಟ್ಟಿಭತ್ಯೆ ಶೇ 50 ತಲುಪಿತು. ಹಾಗಾಗಿ ಹೋಟೆಲಿಗೆ ಸುಮಾರು 2,800, ಊಟಕ್ಕೆ 1,125. ಮತ್ತೆ ಊರೂರು ಸುತ್ತಲು ವಾಹನಕ್ಕೆ 2,500, ಬಸ್ಸಿಗೆ 250, ಹುಬ್ಬಳ್ಳಿಯಿಂದ ರೈಲಿಗೆ 800. ಕೂಡಿಸಿದರೆ 7,475. ಟ್ಯಾಕ್ಸಿಯ ದಾರಿಗಿಂತ 1,875 ಹೆಚ್ಚು, ಜೊತೆಗೆ ಒಂದು ದಿನ ಹಾಳು. ಹೀಗೆ ಬಿಡಿಸಿ ತೋರಿಸಿದರೆ ‘ಲಾಭದ ಮೂಲವಾಗಬಾರದು’ ಎಂಬ ನಿಯಮಕ್ಕೆ ನೇರ ಉತ್ತರ ಸಿಕ್ಕಂತಾಯಿತು.

ಅದೇ ಪ್ರವಾಸದಲ್ಲಿ ಇನ್ನೊಂದು ಖರ್ಚಿದೆ. ಶಿರೂರಿನ ಕಾರ್ಯಾಚರಣೆಗೆ ಬಂದವರಿಂದ ಅತಿಥಿಗೃಹಗಳು ತುಂಬಿದ್ದವು ಎಂದುಕೊಳ್ಳಿ. ಅಧಿಕಾರಿಗೆ ಸಿಕ್ಕ ಕೋಣೆಗೆ ರಾತ್ರಿಗೆ 3,600. ಮಿತಿ ಸುಮಾರು 2,800. ಇಲ್ಲಿ ಏನು ಬರೆಯಬೇಕು? ನನ್ನ ಅಭಿಪ್ರಾಯ ಸ್ಪಷ್ಟ: ಏನೂ ಬರೆಯಬೇಕಿಲ್ಲ. ಬಿಲ್ಲು ಲಗತ್ತಿಸಿ, ಮಿತಿಯವರೆಗೆ ಕೇಳಿ, ಉಳಿದದ್ದನ್ನು ಬಿಡಬೇಕು. ಹೋಟೆಲಿನ ಮಿತಿ ಸಡಿಲಿಸುವ ಅಧಿಕಾರ ನಿಯಂತ್ರಣಾಧಿಕಾರಿಯ ಬಳಿ ಇಲ್ಲ. ಎಷ್ಟೇ ಒಳ್ಳೆಯ ಕಾರಣವಿದ್ದರೂ ಅವರು ಕೊಡಲಾರರು. ಕೊಡಲಾಗದ್ದನ್ನು ಕೇಳುವ ಒಂದು ಪುಟದ ಮನವಿ, ಕೊಡಬಹುದಾದ ಟ್ಯಾಕ್ಸಿಯ ಮನವಿಯ ಪಕ್ಕ ಕೂತರೆ ಇಡೀ ಬಿಲ್ಲು ‘ಪರಿಶೀಲನೆಗೆ’ ಎಂದು ಮೇಲಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಎಂಟುನೂರು ರೂಪಾಯಿ ಕೈಬಿಟ್ಟು ಹೋದದ್ದು ಅನ್ಯಾಯವೆಂದು ನನಗೂ ಅನ್ನಿಸುತ್ತದೆ. ವಿಪತ್ತಿನ ದಿನಗಳಲ್ಲಿ ಕೋಣೆಯ ಬಾಡಿಗೆ ಏರುವುದು ನೌಕರನ ತಪ್ಪಲ್ಲ, ಅಂಥ ದಿನಗಳಿಗೆ ಸ್ಥಳೀಯ ಮುಖ್ಯಸ್ಥರಿಗೆ ಸ್ವಲ್ಪ ಅಧಿಕಾರ ಇರಬೇಕಿತ್ತು. ಆದರೆ ಅದು ನಿಯಮ ಬದಲಿಸಬೇಕಾದ ವಿಷಯ, ಈ ಬಿಲ್ಲಿನಲ್ಲಿ ಬಗೆಹರಿಯುವಂಥದ್ದಲ್ಲ.

ಮೂರನೆಯ ಬಗೆಯದು ವಿನಾಯಿತಿಯೇ ಬೇಡದ ಖರ್ಚು. ಊರೊಳಗಿನ ಆಟೊ, ಟ್ಯಾಕ್ಸಿಗೆ ರಸೀದಿ ಇಲ್ಲವೆಂದು ಎಷ್ಟೋ ಜನ ಕಂಗಾಲಾಗುತ್ತಾರೆ. 2017ರ ಆದೇಶದಂತೆ ಲೆವೆಲ್ 8 ಮತ್ತು ಅದಕ್ಕಿಂತ ಕೆಳಗಿನವರು ಊರೊಳಗಿನ ಪ್ರಯಾಣಕ್ಕೆ ಮಿತಿಯವರೆಗಿನ ಮೊತ್ತವನ್ನು ವೋಚರ್ ಇಲ್ಲದೆ ಸ್ವಯಂ ದೃಢೀಕರಿಸಿ ಕೇಳಬಹುದು. ಪ್ರಯಾಣದ ಅವಧಿ, ವಾಹನದ ಸಂಖ್ಯೆ ಇತ್ಯಾದಿ ಬರೆದರಾಯಿತು. ಹೋಟೆಲಿಗೂ ಅವರಿಗೆ ಇದೇ ಸೌಲಭ್ಯ ಇದೆ. ಊಟಕ್ಕಂತೂ ಬಿಲ್ಲೇ ಬೇಡ, ಒಟ್ಟು ಮೊತ್ತ ಕೊಡುತ್ತಾರೆ. ಇಷ್ಟಿದ್ದೂ ಖಾಲಿ ರಸೀದಿ ಪುಸ್ತಕ ತಂದು ತುಂಬಿಸುವವರಿದ್ದಾರೆ. ನ್ಯಾಯವಾಗಿ ಸಿಗುತ್ತಿದ್ದ ನಾನ್ನೂರು ರೂಪಾಯಿಗೆ ಸುಳ್ಳು ರಸೀದಿ ಸೃಷ್ಟಿಸಿದರೆ ಅದು ಲೆಕ್ಕದ ವಿಷಯವಾಗಿ ಉಳಿಯುವುದಿಲ್ಲ, ಶಿಸ್ತುಕ್ರಮದ ವಿಷಯವಾಗುತ್ತದೆ. ವಾಹನದ ಸಂಖ್ಯೆಯನ್ನು ಇಳಿಯುವಾಗಲೇ ಬರೆದುಕೊಳ್ಳುವ ಅಭ್ಯಾಸ ಈ ಎಲ್ಲ ತಲೆನೋವನ್ನು ತಪ್ಪಿಸುತ್ತದೆ.

ಇದೇ ಅಧಿಕಾರಿ ಹುಬ್ಬಳ್ಳಿಯಿಂದ ವಿಮಾನ ಹಿಡಿದಿದ್ದರೆ? ಲೆವೆಲ್ 6ರಿಂದ ಮೇಲಿನವರಿಗೆ ಎಕಾನಮಿ ದರ್ಜೆಯ ಅರ್ಹತೆ ಇದೆ, ಆದ್ದರಿಂದ ವಿಮಾನವೇ ತಪ್ಪಲ್ಲ. ತೊಡಕು ಟಿಕೆಟ್ಟಿನದು. 2022ರ ಜೂನ್ 16ರ ಆದೇಶದಂತೆ ಸರ್ಕಾರಿ ಖರ್ಚಿನ ವಿಮಾನ ಟಿಕೆಟ್ಟನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂವರಲ್ಲೇ ಕೊಳ್ಳಬೇಕು. ಪ್ರಯಾಣಕ್ಕೆ 72 ಗಂಟೆಯೊಳಗೆ ಕೊಂಡರೆ ಕಾರಣ ಹೇಳಿ ಸ್ವಯಂ ಘೋಷಣೆ ಕೊಡಬೇಕು. ಇದು ಸುಲಭ, ರೈಲು ರದ್ದಾದ ಸಂದೇಶವೇ ಸಾಕು. ಆದರೆ ಗಾಬರಿಯಲ್ಲಿ ಬೇರೆ ಯಾವುದೋ ಆ್ಯಪ್‌ನಲ್ಲಿ ಕೊಂಡರೆ ಅದನ್ನು ಮನ್ನಿಸುವ ಅಧಿಕಾರ ಇರುವುದು ಸಚಿವಾಲಯದ ಹಣಕಾಸು ಸಲಹೆಗಾರರಿಗೆ, ಇಲ್ಲವೇ ಜಂಟಿ ಕಾರ್ಯದರ್ಶಿಗಿಂತ ಕೆಳಗಿಲ್ಲದ ದರ್ಜೆಯ ಇಲಾಖಾ ಮುಖ್ಯಸ್ಥರಿಗೆ. ‘ರಾತ್ರಿಯಾಗಿತ್ತು, ಏಜೆಂಟರ ಕಚೇರಿ ಮುಚ್ಚಿತ್ತು’ ಎಂಬ ಕಾರಣ ಅಲ್ಲಿ ನಿಲ್ಲುವುದಿಲ್ಲ, ಐಆರ್‌ಸಿಟಿಸಿಯ ವಿಮಾನ ಬುಕಿಂಗ್ ಇಂಟರ್‌ನೆಟ್ಟಿನಲ್ಲೇ ಇದೆ. ಅಲ್ಲಿ ಪಾವತಿ ವಿಫಲವಾಗಿದ್ದರೆ, ಸೀಟು ತೋರಿಸದಿದ್ದರೆ ಆ ಪರದೆಯ ಚಿತ್ರವನ್ನು ಆಗಲೇ ತೆಗೆದಿಡಬೇಕು. ಒಂದೇ ಸಂಜೆಯ ಎರಡು ಖರ್ಚಿಗೆ ಎರಡು ಬೇರೆ ಬೇರೆ ಅಧಿಕಾರಿಗಳ ಒಪ್ಪಿಗೆ ಬೇಕಾಗುವುದು ಹೀಗೆ. ಟಿಪ್ಪಣಿ ಬರೆಯುವ ಮೊದಲು ‘ಇದನ್ನು ಒಪ್ಪುವ ಅಧಿಕಾರ ಯಾರಿಗಿದೆ’ ಎಂದು ಕೇಳಿಕೊಳ್ಳದೆ ಬರೆದದ್ದು ತಪ್ಪು ಮೇಜಿಗೆ ಹೋಗುತ್ತದೆ.

ಇನ್ನು ಪ್ರವಾಸ ವರದಿ. ಅದನ್ನು ಬಿಲ್ಲಿಗಿಂತ ಬೇರೆ ಕಾಗದ ಎಂದುಕೊಂಡು, ಬಿಲ್ಲು ಕೊಟ್ಟ ಎಷ್ಟೋ ದಿನಗಳ ಮೇಲೆ ಬರೆಯುವುದು ರೂಢಿ. ಆದರೆ ಪರಿಶೋಧಕರು ಎರಡನ್ನೂ ಅಕ್ಕಪಕ್ಕ ಇಟ್ಟು ಓದುತ್ತಾರೆ. ವರದಿಯಲ್ಲಿ ‘ಮಧ್ಯಾಹ್ನದ ಹೊತ್ತಿಗೆ ಸ್ಯಾಂಪಲ್ ಸಂಗ್ರಹ ಮುಗಿಯಿತು’ ಎಂದು ಸಡಿಲವಾಗಿ ಬರೆದು, ಬಿಲ್ಲಿನ ಟಿಪ್ಪಣಿಯಲ್ಲಿ ‘5ಕ್ಕೆ ಮುಗಿಯಿತು, ಅದಕ್ಕೇ ಬಸ್ಸು ಸಿಗಲಿಲ್ಲ’ ಎಂದರೆ ಟ್ಯಾಕ್ಸಿಯ ಇಡೀ ವಾದ ಬಿದ್ದುಹೋಗುತ್ತದೆ. ಸುಳ್ಳು ಹೇಳಬೇಕೆಂದು ಯಾರೂ ಹಾಗೆ ಬರೆದಿರುವುದಿಲ್ಲ, ನೆನಪಿನಿಂದ ಬರೆದಿರುತ್ತಾರೆ. ಪ್ರತಿ ಊರಿಗೆ ತಲುಪಿದ ಹೊತ್ತು, ಬಿಟ್ಟ ಹೊತ್ತು, ಸ್ಯಾಂಪಲ್ ಬಾಟಲಿಯ ಮೇಲೆ ಬರೆದ ಸಮಯ, ಪ್ರಯೋಗಾಲಯದವರು ಕೊಟ್ಟ ಸ್ವೀಕೃತಿಯ ಸಮಯ, ಇವಿಷ್ಟು ವರದಿಯಲ್ಲಿದ್ದರೆ ವಿನಾಯಿತಿಗೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಅವು ವಿನಾಯಿತಿಗಾಗಿ ಹುಟ್ಟಿದ ದಾಖಲೆಗಳಲ್ಲ, ಕೆಲಸದ ದಾಖಲೆಗಳು. ಅದಕ್ಕೇ ಅವಕ್ಕೆ ತೂಕ.

ದಿನಭತ್ಯೆಯ ಲೆಕ್ಕವೂ ಈ ಸಮಯಗಳ ಮೇಲೇ ನಿಂತಿದೆ. ಕೇಂದ್ರಸ್ಥಾನದಿಂದ ಹೊರಗಿದ್ದ ಹೊತ್ತನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಾರೆ: ಆರು ಗಂಟೆಯೊಳಗಾದರೆ ಶೇ 30, ಆರರಿಂದ ಹನ್ನೆರಡಕ್ಕೆ ಶೇ 70, ಅದಕ್ಕೂ ಹೆಚ್ಚಾದರೆ ಪೂರ್ತಿ. ನಮ್ಮ ಅಧಿಕಾರಿ ಮೊದಲ ದಿನ 6.40ಕ್ಕೆ ಹೊರಟದ್ದರಿಂದ ಅಂದು 5 ಗಂಟೆ 20 ನಿಮಿಷ, ಶೇ 30. ಎರಡನೆಯ, ಮೂರನೆಯ ದಿನ ಪೂರ್ತಿ. ನಾಲ್ಕನೆಯ ದಿನ 7ಕ್ಕೆ ಬಂದದ್ದರಿಂದ ಶೇ 70. ಒಟ್ಟು ಮೂರು ಪೂರ್ಣ ದಿನದಷ್ಟು, 3,375 ರೂಪಾಯಿ. ರೈಲು ಬೆಳಿಗ್ಗೆ 5.50ಕ್ಕೇ ಬಂದಿದ್ದರೆ ಕೊನೆಯ ದಿನಕ್ಕೆ ಶೇ 30 ಮಾತ್ರ. ಹತ್ತು ಹದಿನೈದು ನಿಮಿಷ ಹಿಂದೆಮುಂದೆ ಬರೆಯುವ ಆಸೆ ಹುಟ್ಟುವುದು ಇಂಥಲ್ಲೇ. ಆದರೆ ಯಾವ ರೈಲು ಎಷ್ಟು ಹೊತ್ತಿಗೆ ಬಂತು ಎಂಬುದು ಈಗ ಯಾರು ಬೇಕಾದರೂ ನೋಡಬಹುದಾದ ಮಾಹಿತಿ. ಅಲ್ಲೊಂದು ಸಣ್ಣ ತಿದ್ದುವಿಕೆ ಕಂಡರೆ, ಟ್ಯಾಕ್ಸಿಯ ಬಗ್ಗೆ ಹೇಳಿದ ನಿಜವನ್ನೂ ಅನುಮಾನದಿಂದಲೇ ಓದುತ್ತಾರೆ.

ಅವಧಿಯ ವಿಷಯ. ಮುಂಗಡ ಪಡೆದಿದ್ದರೆ ವಾಪಸು ಬಂದ 15 ದಿನದೊಳಗೆ ಹೊಂದಾಣಿಕೆ ಬಿಲ್ಲು ಕೊಡಬೇಕು. ಮುಂಗಡ ಇಲ್ಲದಿದ್ದರೆ ಮೊದಲು ಒಂದು ವರ್ಷದವರೆಗೆ ಸಮಯವಿತ್ತು, 2018ರ ಮಾರ್ಚ್‌ನಿಂದ ಪ್ರವಾಸ ಮುಗಿದ ದಿನದ ನಂತರ 60 ದಿನ. ಅದು ಮೀರಿದರೆ ಹಕ್ಕೇ ಹೋಗುತ್ತದೆ. ಹಲವರು ಟ್ಯಾಕ್ಸಿಗೆ ಘಟನೋತ್ತರ ಮಂಜೂರಾತಿ ಬರಲಿ, ಆಮೇಲೆ ಬಿಲ್ಲು ಕೊಟ್ಟರಾಯಿತು ಎಂದು ಕಾಯುತ್ತಾರೆ. ಮಂಜೂರಾತಿಯ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ 60 ದಿನ ಸರಿದಿರುತ್ತದೆ. ಬಿಲ್ಲನ್ನು ಸಮಯದೊಳಗೆ ಕೊಟ್ಟು, ವಿನಾಯಿತಿಯ ಕೋರಿಕೆಯನ್ನು ಅದಕ್ಕೇ ಲಗತ್ತಿಸಿ, ಸ್ವೀಕೃತಿಯ ದಿನಾಂಕ ಪಡೆದುಕೊಳ್ಳುವುದು ಕ್ಷೇಮ. ಆಗ ಒಪ್ಪಿಗೆ ತಡವಾದರೂ ಕ್ಲೇಮು ಹೊತ್ತಿಗೆ ಸರಿಯಾಗಿ ಕೊಟ್ಟಂತೆಯೇ ಆಯಿತು.

ಇಷ್ಟಾದರೂ ಆಕ್ಷೇಪಣೆ ಬರಬಹುದು. ಉದಾಹರಣೆಗೆ, ‘ಟ್ಯಾಕ್ಸಿ ಬಿಲ್ಲಿನಲ್ಲಿ ಎಸಿ ಎಂದಿದೆ, ಈ ಲೆವೆಲ್‌ಗೆ ಎಸಿ ಟ್ಯಾಕ್ಸಿ ಅರ್ಹತೆ ಇಲ್ಲ’ ಎಂದು. ಇದು ಸರಿಯಾದ ಆಕ್ಷೇಪಣೆ. ಲೆವೆಲ್ 6ರಿಂದ 11ರವರಿಗೆ ಎಸಿ ಟ್ಯಾಕ್ಸಿ ಇಲ್ಲ. ಇದಕ್ಕೆ ಮತ್ತೆ ಗುಡ್ಡ ಕುಸಿದ ಕಥೆ ಹೇಳಿ ಪ್ರಯೋಜನವಿಲ್ಲ. ಟ್ಯಾಕ್ಸಿಯವರಿಂದ ಎಸಿಯ ಹೆಚ್ಚುವರಿ ಎಷ್ಟು ಎಂದು ಬರೆಸಿಕೊಂಡು, ಅಷ್ಟನ್ನು ಕಳೆದು ಉಳಿದದ್ದನ್ನು ಕೊಡಿ ಎಂದು ಉತ್ತರಿಸಿದರೆ, ಆಕ್ಷೇಪಣೆ ಎತ್ತಿದವರಿಗೂ ಮುಂದಿನ ಸಾಲು ಬರೆಯಲು ದಾರಿಯಾಗುತ್ತದೆ. ಎಸಿಗೆಂದು 300 ರೂಪಾಯಿ ಇತ್ತೆಂದರೆ ಟ್ಯಾಕ್ಸಿಗೆ 4,500, ರೈಲಿಗೆ 800, ದಿನಭತ್ಯೆ 3,375, ಹೋಟೆಲಿಗೆ ಮಿತಿಯವರೆಗೆ, ಜೊತೆಗೆ ಹೋಗುವಾಗಿನ ರೈಲು ದರ. ಬಿಲ್ಲು ಆ ಮೊತ್ತಕ್ಕೆ ಪಾಸಾಗುತ್ತದೆ.